ಚಳಿ ಕಾಯಿಸಿಕೊಳ್ಳುತ್ತಾ ನಿಂತ ಪೇತ್ರ

ಕರ್ತನಲ್ಲಿ ಪ್ರಿಯರೇ, ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆ. ಹಿಂದೆ ನಿಂತವರು ಮುಂದೆ ಬನ್ನಿ, ಫ್ಯಾನ್ ಕೆಳಗೆ ಇನ್ನೂ ಜಾಗ ಇದೆ. ಇವತ್ತಿನ ವಾಕ್ಯ ಯೋಹಾನನ ಸುವಾರ್ತೆ 18ನೇ ಅಧ್ಯಾಯ, 15ರಿಂದ 27. ಮೊಬೈಲಿನಲ್ಲಿ ಓದುವವರು ಓದಿ, ಆದರೆ ವಾಟ್ಸಾಪ್ ಕಡೆ ಹೋಗಬೇಡಿ, ಇಲ್ಲಿಂದ ನನಗೆ ಎಲ್ಲ ಕಾಣುತ್ತದೆ.

ಎರಡು ವಾರದ ಹಿಂದೆ ಯೌವನಸ್ಥರ ಕೂಟದಲ್ಲಿ ಚೀಟಿ ಕೊಟ್ಟು, ನಿಮಗೆ ಯಾವುದಕ್ಕೆ ಭಯ, ಹೆಸರು ಹಾಕದೆ ಬರೆಯಿರಿ ಅಂದಿದ್ದೆ. ಪರೀಕ್ಷೆ, ಕೆಲಸ, ಮದುವೆ ಅಂತ ಬರುತ್ತದೆ ಅಂದುಕೊಂಡಿದ್ದೆ. ಬಂತು ಕೂಡ. ಆದರೆ ಒಂಬತ್ತು ಚೀಟಿಯಲ್ಲಿ ಬೇರೆ ಬೇರೆ ಮಾತಿನಲ್ಲಿ ಒಂದೇ ವಿಷಯ ಇತ್ತು. ಒಂದರಲ್ಲಿ ಹೀಗಿತ್ತು: "ಕ್ಯಾಂಟೀನಿನಲ್ಲಿ ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುವಾಗ ಹಣೆ ಉಜ್ಜಿಕೊಂಡ ಹಾಗೆ ನಟಿಸುತ್ತೇನೆ ಅಯ್ಯನವರೇ." ಓದಿ ನಗು ಬಂತು. ಆಮೇಲೆ ನಗು ನಿಂತಿತು, ಯಾಕೆಂದರೆ ನಾನೂ ಅದನ್ನೇ ಮಾಡಿದವನು.

ಸರಿ, ಪೇತ್ರನ ಹತ್ತಿರ ಹೋಗೋಣ.

ಮಹಾಯಾಜಕನ ಮನೆಯ ಅಂಗಳ. ರಾತ್ರಿ. ಚಳಿ. ಆಳುಗಳು, ಓಲೇಕಾರರು ಇದ್ದಲಿನ ಬೆಂಕಿ ಹಾಕಿಕೊಂಡು ಸುತ್ತ ನಿಂತಿದ್ದಾರೆ, ಪೇತ್ರನೂ ಅವರ ಜೊತೆ ನಿಂತು ಚಳಿ ಕಾಯಿಸಿಕೊಳ್ಳುತ್ತಿದ್ದಾನೆ. ಸ್ವಲ್ಪ ಹೊತ್ತಿನ ಹಿಂದೆ ತೋಟದಲ್ಲಿ ಇದೇ ಮನುಷ್ಯ ಕತ್ತಿ ಹಿರಿದು ಮಲ್ಕನ ಕಿವಿ ಕತ್ತರಿಸಿದ್ದ. ಆಯುಧ ಹಿಡಿದು ಬಂದ ಅಷ್ಟು ಜನರ ಎದುರು ಒಬ್ಬನೇ ನುಗ್ಗಿದ್ದ. ಹೇಡಿ ಅಲ್ಲ ಅವನು. ಅಂಥವನನ್ನು ಬೀಳಿಸಿದ್ದು ಯಾರು? ಬಾಗಿಲು ಕಾಯುವ ಹುಡುಗಿ. ಅವಳ ಕೈಯಲ್ಲಿ ಕತ್ತಿ ಇರಲಿಲ್ಲ, ಒಂದು ಪ್ರಶ್ನೆ ಇತ್ತು. "ನೀನೂ ಅವನ ಶಿಷ್ಯರಲ್ಲಿ ಒಬ್ಬನಲ್ಲವಾ?" ಪೇತ್ರ ಅಂದ, "ನಾನಲ್ಲ."

ನಾನು ಈ ಭಾಗವನ್ನು ಎಷ್ಟೋ ಸಲ ಬೋಧಿಸಿದ್ದೇನೆ, ಪೇತ್ರ ಪ್ರಾಣಭಯದಿಂದ ಹಾಗಂದ ಅಂತ ಹೇಳಿದ್ದೇನೆ. ಈಗ ಪೂರ್ತಿ ಹಾಗೆ ಅನ್ನಿಸುವುದಿಲ್ಲ. ಭಯ ಇತ್ತು, ಸರಿ. ಆದರೆ ಅವನು ಓಡಲಿಲ್ಲ ನೋಡಿ. "ನಾನಲ್ಲ" ಅಂದವನು ಅಲ್ಲೇ ಬೆಂಕಿಯ ಹತ್ತಿರ ನಿಂತ. ಯೋಹಾನ ಅದನ್ನು ಎರಡು ಸಲ ಬರೆಯುತ್ತಾನೆ, ಚಳಿ ಕಾಯಿಸಿಕೊಳ್ಳುತ್ತಾ ನಿಂತಿದ್ದನು, ಚಳಿ ಕಾಯಿಸಿಕೊಳ್ಳುತ್ತಾ ನಿಂತಿದ್ದನು. ಅವನಿಗೆ ಆ ಗುಂಪಿನಲ್ಲಿ ಒಂದು ಜಾಗ ಬೇಕಿತ್ತು. ಎಲ್ಲರೂ ನಿಂತಿರುವ ಕಡೆ, ಬೆಚ್ಚಗೆ, ಯಾರೂ ತಿರುಗಿ ನೋಡದ ಹಾಗೆ. ನಮ್ಮ ಕಥೆಯೂ ಇದೇ ಅಲ್ವಾ? ನಮ್ಮ ಕುತ್ತಿಗೆಗೆ ಯಾರೂ ಕತ್ತಿ ಇಟ್ಟಿಲ್ಲ. ಟೀ ಕುಡಿಯುವ ಗುಂಪಿನಿಂದ ಹೊರಗೆ ಬಿದ್ದೇವು ಅನ್ನುವ ಚಿಂತೆ, ಅಷ್ಟೇ.

ಇನ್ನೊಂದು ವಿಷಯ ಮತ್ತಾಯ ಬರೆಯುತ್ತಾನೆ. ಅಲ್ಲಿದ್ದವರು ಪೇತ್ರನಿಗೆ, ನಿನ್ನ ಮಾತೇ ನಿನ್ನನ್ನು ತೋರಿಸಿಕೊಡುತ್ತದೆ ಅಂದರು. ಅವನದು ಗಲಿಲಾಯದ ಮಾತು. ಗಲಿಲಾಯದವರ ಉಚ್ಚಾರಣೆ ಅಂದರೆ ಯೂದಾಯದ ಕಡೆಯವರಿಗೆ ತಮಾಷೆ. ಯೆಹೂದ್ಯ ಗುರುಗಳ ಹಳೇ ಗ್ರಂಥ ತಾಲ್ಮುದಿನಲ್ಲಿ ಒಂದು ನಗೆಮಾತು ಇದೆ: ಗಲಿಲಾಯದವನೊಬ್ಬ ಬಂದು ಏನೋ ಬೇಕು ಅಂತ ಕೇಳುತ್ತಾನೆ, ಜನ ಅವನಿಗೆ, "ಎಲೋ ಪೆದ್ದ, ನೀನು ಕೇಳುತ್ತಿರುವುದು ಹತ್ತುವ ಕತ್ತೆಯೋ, ಕುಡಿಯುವ ದ್ರಾಕ್ಷಾರಸವೋ, ಉಡುವ ಉಣ್ಣೆಯೋ, ಕೊಯ್ಯುವ ಕುರಿಮರಿಯೋ?" ಅನ್ನುತ್ತಾರೆ. ಅವನ ಬಾಯಲ್ಲಿ ನಾಲ್ಕೂ ಒಂದೇ ಥರ ಕೇಳುತ್ತದಂತೆ! ಹುಬ್ಬಳ್ಳಿ, ಗದಗ ಕಡೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾ? ಆಫೀಸಿನಲ್ಲಿ ಬಾಯಿತಪ್ಪಿ ಒಂದು "ಹೌದರೀ" ಅಂದರೆ ಮುಗಿಯಿತು, ನಾಲ್ಕು ದಿನ ಅದೇ ಮಾತು. ಹಾಗಾಗಿ ಬಾಯಿ ಬಿಗಿ ಹಿಡಿದು ಮಾತಾಡುವುದು ನಿಮಗೆ ರೂಢಿ ಆಗಿಬಿಟ್ಟಿದೆ. ವಿಶ್ವಾಸವನ್ನೂ ಹಾಗೇ ಬಿಗಿ ಹಿಡಿದಿದ್ದೀರಿ. ಆದರೆ ಎಷ್ಟು ದಿನ ಹಿಡಿಯುತ್ತೀರಿ? ಪೇತ್ರನಿಗೆ ಒಂದು ರಾತ್ರಿ ಕೂಡ ಆಗಲಿಲ್ಲ.

ನನ್ನ ಕಥೆ ಹೇಳುತ್ತೇನೆ. ಪಿಯುಸಿ ಓದುವಾಗ ಹಾಸ್ಟೆಲಿನಲ್ಲಿದ್ದೆ. ಅವ್ವ ಕಳಿಸಿದ ಬೈಬಲ್ ಇತ್ತು, ಕಪ್ಪು ರಟ್ಟು, ಅಂಚಿಗೆ ಕೆಂಪು ಬಣ್ಣ, ದೂರದಿಂದಲೇ ಗುರುತು ಸಿಗುತ್ತಿತ್ತು. ಅದಕ್ಕೆ ಬ್ರೌನ್ ಪೇಪರ್ ಹಾಕಿ, ಲೇಬಲ್ ಅಂಟಿಸಿ, ಮೇಲೆ "ಫಿಸಿಕ್ಸ್" ಅಂತ ಬರೆದೆ. ನಗಬೇಡಿ, ಅಕ್ಷರ ಕೂಡ ಚೆನ್ನಾಗಿ ಬರೆದಿದ್ದೆ. ಒಂದು ಸಂಜೆ ಪಕ್ಕದ ರೂಮಿನ ಜೂನಿಯರ್ ಹುಡುಗ ಫಿಸಿಕ್ಸ್ ನೋಟ್ಸ್ ಬೇಕು ಅಂತ ಬಂದ, ನಾನು ಸ್ನಾನಕ್ಕೆ ಹೋಗಿದ್ದೆ, ಅವನೇ ಶೆಲ್ಫಿನಿಂದ ತೆಗೆದು ತೆರೆದ. ವಾಪಸ್ ಬರುವಷ್ಟರಲ್ಲಿ ವರಾಂಡದಲ್ಲಿ ಏಳೆಂಟು ಜನ. ಯಾರೋ ನಾಟಕದ ದನಿ ತೆಗೆದು ಓದುತ್ತಿದ್ದ. "ಏನೋ ಹಲ್ಲೆಲೂಯ, ನ್ಯೂಟನ್ ಯಾವ ಅಧ್ಯಾಯದಲ್ಲಿ ಬರ್ತಾನೆ?" ನಾನು ಟವೆಲ್ ಸುತ್ತಿಕೊಂಡು ನಿಂತಿದ್ದೆ, ತಲೆಯಿಂದ ನೀರು ಸುರಿಯುತ್ತಿತ್ತು. ಅಂದೆ, "ಅದು ನಮ್ಮವ್ವಂದು. ಸುಮ್ನೆ ಇಟ್ಟಿದ್ದಾಳೆ. ನಾನು ಓದಲ್ಲ." ಅವರೂ ನಕ್ಕರು, ನಾನೂ ನಕ್ಕೆ. ಮುಂದಿನ ವಾರ ಊರಿಗೆ ಹೋದಾಗ ಆ ಬೈಬಲನ್ನು ಮನೆಯಲ್ಲೇ ಬಿಟ್ಟು ಬಂದೆ.

ತಿಂಗಳ ಮೇಲೆ, ರಾತ್ರಿ ಹನ್ನೊಂದರ ಸುಮಾರಿಗೆ, ಅದೇ ಜೂನಿಯರ್ ಬಾಗಿಲು ತಟ್ಟಿದ. ಅವನ ಅಪ್ಪನಿಗೆ ಹುಷಾರಿಲ್ಲ, ಆಸ್ಪತ್ರೆಗೆ ಸೇರಿಸಿದ್ದಾರೆ, ಊರಿಂದ ಫೋನ್ ಬಂದಿತ್ತು. ಬೆಳಗಿನ ತನಕ ಬಸ್ ಇರಲಿಲ್ಲ. ಅವನು ಕೇಳಿದ, "ಅಣ್ಣಾ, ಆ ಪುಸ್ತಕ ಐತೇನು? ಅದರೊಳಗಿಂದ ಏನಾದ್ರೂ ಓದ್ತೀರೇನು?" ಶೆಲ್ಫ್ ಕಡೆ ನೋಡಿದೆ. ಅಲ್ಲಿ ಈಗ ನಿಜವಾದ ಫಿಸಿಕ್ಸ್ ಪುಸ್ತಕ ಇತ್ತು.

ಅವತ್ತು ಏನೋ ಪ್ರಾರ್ಥನೆ ಮಾಡಿದೆ, ತೊದಲುತ್ತಾ. 23ನೇ ಕೀರ್ತನೆ ಅರ್ಧ ಮಾತ್ರ ಬಾಯಿಗೆ ಬಂತು. ನಕ್ಕವರ ಮುಖ ಒಂದೂ ಈಗ ನೆನಪಿಲ್ಲ, ಆ ಹುಡುಗನ ಮುಖ ನೆನಪಿದೆ. ನಾವು ಮುಚ್ಚಿಟ್ಟರೆ ಹೋಗುವುದು ನಮ್ಮ ಮರ್ಯಾದೆ ಒಂದೇ ಅಂದುಕೊಂಡಿದ್ದೆ. ಕತ್ತಲಲ್ಲಿ ಬಾಗಿಲು ಹುಡುಕುವವನಿಗೆ ನಮ್ಮ ಬಾಗಿಲು ಎಲ್ಲಿದೆ ಅಂತ ಗೊತ್ತಾಗದೆ ಹೋಗುತ್ತದೆ, ಅದನ್ನು ಯೋಚಿಸಿರಲಿಲ್ಲ.

ಗೇಲಿ ಹೊಸದಲ್ಲ. ರೋಮ್ ಪಟ್ಟಣದ ಪ್ಯಾಲಟೈನ್ ಗುಡ್ಡದಲ್ಲಿ 1857ರಲ್ಲಿ ಅಗೆಯುವಾಗ ಹಳೇ ಕಟ್ಟಡವೊಂದರ ಗೋಡೆಯಲ್ಲಿ ಗೀಚಿದ ಚಿತ್ರ ಸಿಕ್ಕಿತು. ಚಕ್ರವರ್ತಿಯ ಅರಮನೆಯ ಕೆಲಸದ ಹುಡುಗರು ಇದ್ದ ಜಾಗ ಅದು ಅಂತಾರೆ, ಒಂದು ಥರ ಹಾಸ್ಟೆಲ್ ಅನ್ನಿ. ಶಿಲುಬೆಯ ಮೇಲೆ ಒಬ್ಬ ಮನುಷ್ಯ, ಅವನಿಗೆ ಕತ್ತೆಯ ತಲೆ. ಕೆಳಗೆ ಒಬ್ಬ ಹುಡುಗ ಕೈ ಎತ್ತಿ ನಿಂತಿದ್ದಾನೆ. ಪಕ್ಕದಲ್ಲಿ ಗ್ರೀಕ್ ಅಕ್ಷರದಲ್ಲಿ, ಕಾಗುಣಿತ ತಪ್ಪಾಗಿ, "ಅಲೆಕ್ಸಮೆನೋಸ್ ತನ್ನ ದೇವರನ್ನು ಆರಾಧಿಸುತ್ತಿದ್ದಾನೆ." ಶಿಲುಬೆಯ ಯೇಸುವನ್ನು ತೋರಿಸುವ, ಇವತ್ತಿಗೂ ಉಳಿದಿರುವ ಅತಿ ಹಳೆಯ ಚಿತ್ರಗಳಲ್ಲಿ ಇದೂ ಒಂದು. ಬರೆದದ್ದು ಭಕ್ತನಲ್ಲ, ಗೇಲಿ ಮಾಡಿದವನು! ಅದೇ ಕಟ್ಟಡದ ಇನ್ನೊಂದು ಕೋಣೆಯ ಗೋಡೆಯಲ್ಲಿ, ಬೇರೆ ಕೈಬರಹದಲ್ಲಿ, ಲ್ಯಾಟಿನಿನಲ್ಲಿ ಎರಡೇ ಪದ ಇದೆ: "ಅಲೆಕ್ಸಮೆನೋಸ್ ನಂಬಿಗಸ್ತ." ಬರೆದವರು ಯಾರು, ಅವನೋ, ಅವನ ಗೆಳೆಯನೋ, ಯಾರಿಗೂ ಗೊತ್ತಿಲ್ಲ. ಗೆಳೆಯನೇ ಇರಲಿ ಅಂತ ನನ್ನ ಆಸೆ. ಗೇಲಿಗೆ ಸಿಕ್ಕವನ ಪಕ್ಕದಲ್ಲಿ ನಿಲ್ಲುವವರು ಬೇಕು. ಅವನಿಗೆ ಕತ್ತೆ ಚಿತ್ರ ಬರೆದವನ ಹೆಸರು ಉಳಿದಿಲ್ಲ.

ಹಾಗಂತ ನಮ್ಮನ್ನು ನೋಡಿ ನಕ್ಕರೆ ಅದೆಲ್ಲ ವಿಶ್ವಾಸಕ್ಕಾಗಿ ಅಂದುಕೊಳ್ಳಬೇಡಿ. ಆಫೀಸಿಗೆ ದಿನಾ ತಡವಾಗಿ ಹೋಗಿ, ಸಾಲ ತಗೊಂಡು ಕೊಡದೆ, ಬೈಸಿಕೊಂಡರೆ ಅದು ಶಿಲುಬೆ ಅಲ್ಲ. ಇದೇ ಪೇತ್ರ ಮುಂದೆ ತನ್ನ ಮೊದಲ ಪತ್ರದ 4ನೇ ಅಧ್ಯಾಯದಲ್ಲಿ ಬರೆಯುತ್ತಾನೆ, ನಿಮ್ಮಲ್ಲಿ ಯಾರೂ ಕೊಲೆಗಾರ, ಕಳ್ಳ, ದುಷ್ಕರ್ಮಿ, ಪರರ ವಿಷಯದಲ್ಲಿ ತಲೆಹಾಕುವವನು ಅನಿಸಿಕೊಂಡು ಬಾಧೆ ಪಡಬಾರದು ಅಂತ. ಕೊಲೆಗಾರನ ಸಾಲಿನಲ್ಲೇ ತಲೆಹಾಕುವವನನ್ನೂ ಕೂರಿಸಿದ್ದಾನೆ ನೋಡಿ! ಅಕ್ಕಪಕ್ಕದವರ ಹಬ್ಬ, ಪೂಜೆ ಹೀಯಾಳಿಸಿ ಬಂದು, ಆಮೇಲೆ ನನ್ನನ್ನು ಹಿಂಸಿಸಿದರು ಅನ್ನುವವರು ಇದನ್ನು ಎರಡು ಸಲ ಓದಿ.

ಕಮೆಂಟಿನಲ್ಲಿ ಜಗಳಕ್ಕೆ ಇಳಿಯುವವರಿಗೂ ಒಂದು ಮಾತು. ಅದು ಮಲ್ಕನ ಕಿವಿ ಕತ್ತರಿಸುವ ಧೈರ್ಯ. ಕರ್ತನು ಅದನ್ನು ಮೆಚ್ಚಲಿಲ್ಲ, ಕಿವಿ ವಾಸಿ ಮಾಡಿದ. ನನ್ನ ಅಜ್ಜಿ ಬೆಟಗೇರಿಯವರು. ನಮ್ಮನ್ನು "ಅಕ್ಕಿಮೂಟೆ" ಅಂತ ಅಣಕಿಸುತ್ತಾರಲ್ಲ, ಅಕ್ಕಿಗಾಗಿ ಮತ ಬಿಟ್ಟವರು ಅಂತ, ಒಮ್ಮೆ ಸಂತೆಯಲ್ಲಿ ಒಬ್ಬ ಹಾಗೇ ಅಂದ. ಅಜ್ಜಿ ಚೀಲ ಕೆಳಗಿಟ್ಟು ಅಂದರು, "ಅಕ್ಕಿ ಏನೋ ತಮ್ಮಾ? ನಾವು ಮೂರೂ ಹೊತ್ತು ಜ್ವಾಳದ ರೊಟ್ಟಿ ತಿನ್ನೋ ಮಂದಿ. ಅಕ್ಕಿ ಯಾರು ಕೊಡತಾರ ಹೇಳು, ಚೀಲ ತಗೊಂಡು ಹೋಗ್ತೀನಿ." ಅವನೇ ನಕ್ಕುಬಿಟ್ಟ. ಅಜ್ಜಿ ಅವನ ಹತ್ತಿರವೇ ಮೆಣಸಿನಕಾಯಿ ಕೊಂಡರು.

ಮಾತು ಮೀರಿ ಬೆದರಿಕೆ, ಹೊಡೆತ ಅಂತ ಆದರೆ ಒಬ್ಬರೇ ಸಹಿಸಬೇಡಿ. ನನಗೆ ಹೇಳಿ, ಹಿರಿಯರಿಗೆ ಹೇಳಿ, ಪೊಲೀಸರಿಗೆ ದೂರು ಕೊಡಿ. ಪೌಲನು ಕೊರಡೆಯ ಏಟಿಗೆ ಕಟ್ಟಿದಾಗ, ನಾನು ರೋಮ್ ಪೌರ ಅಂತ ಬಾಯಿಬಿಟ್ಟು ಹೇಳಿದ. ನಮಗೆ ಧರ್ಮಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೇ ವಿಧಿ ಇದೆ. ಹಕ್ಕು ಕೇಳುವುದು ಅವಿಶ್ವಾಸ ಅಲ್ಲ.

ಇನ್ನು ಕೊನೆಗೆ ಬರುತ್ತೇನೆ. ಈ ಇದ್ದಲಿನ ಬೆಂಕಿ ಅನ್ನುವ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ. ಒಂದು ಆ ಅಂಗಳದಲ್ಲಿ. ಇನ್ನೊಂದು ಯೋಹಾನ 21ರಲ್ಲಿ, ಬೆಳಗಿನ ಹೊತ್ತು, ಸಮುದ್ರದ ದಡದಲ್ಲಿ. ಈ ಸಲ ಬೆಂಕಿ ಹಾಕಿದವನು ಎದ್ದು ಬಂದ ಯೇಸು. ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಪೇತ್ರ ಬಟ್ಟೆ ಒದ್ದೆಯಾಗಿ, ಈಜಿ ಬಂದಿದ್ದಾನೆ, ಮೂಗಿಗೆ ಅದೇ ಇದ್ದಲಿನ ವಾಸನೆ ಬಡಿದಿರುತ್ತದೆ. ಕರ್ತನು ಯಾಕೋ ಹಾಗೆ ಮಾಡಿದೆ ಅಂತ ಕೇಳಲಿಲ್ಲ. ಮೊದಲು ಬನ್ನಿ, ಊಟ ಮಾಡಿ ಅಂದ. ಊಟ ಆದ ಮೇಲೆ ಮೂರು ಸಲ ಒಂದೇ ಪ್ರಶ್ನೆ ಕೇಳಿದ, ನನ್ನನ್ನು ಪ್ರೀತಿಸುತ್ತೀಯಾ.

ತಲೆ ಬಾಗಿಸೋಣ.

ಕರ್ತನೇ, ನಾಳೆ ಸೋಮವಾರ. ಒಂದೂವರೆಗೆ ಇವರು ಕ್ಯಾಂಟೀನಿನಲ್ಲಿ ಡಬ್ಬಿ ತೆರೆಯುತ್ತಾರೆ, ಎದುರಿಗೆ ನಾಲ್ಕು ಜನ ಕೂತಿರುತ್ತಾರೆ. ಹಣೆ ಉಜ್ಜಿಕೊಳ್ಳುವ ಮಗುವಿನ ಪಕ್ಕದಲ್ಲಿ ನೀನು ಕೂತಿರು. ಯಾರಾದರೂ ನಕ್ಕರೆ ಅವರಿಗೂ ಒಂದು ರೊಟ್ಟಿ ಹಂಚುವ ಮನಸ್ಸು ಕೊಡು. ನಿನ್ನೆ ಮೊನ್ನೆ "ನಾನಲ್ಲ" ಅಂದುಬಿಟ್ಟು ಇಲ್ಲಿ ಬಂದು ಕೂತವರನ್ನು ನಿನ್ನ ಬೆಂಕಿಯ ಹತ್ತಿರ ಕರೆ. ಆಮೆನ್.