ಮೈಸೂರು ದಸರಾ: ಹತ್ತು ದಿನಗಳ ವಸತಿ ಮತ್ತು ಊಟದ ಪ್ಯಾಕೇಜು, ಉಳಿದಿರುವ ಕೋಣೆಗಳು, ರದ್ದತಿಯ ನಿಯಮಗಳು

ಬೆಂಗಳೂರಿನ ಅತಿಥಿಗಳಿಗೆ ಜಯನಗರ 4ನೇ ಬ್ಲಾಕ್‌ನ ನಮ್ಮ ಬುಕಿಂಗ್ ಕಚೇರಿಯಿಂದ ನಮಸ್ಕಾರಗಳು.

ಮೈಸೂರಿನ ಯಾದವಗಿರಿಯಲ್ಲಿರುವ ನಮ್ಮ ಹೋಟೆಲಿನಲ್ಲಿ ಈ ಬಾರಿಯ ದಸರೆಗೆ ನೀಡುತ್ತಿರುವ ಕೋಣೆ ಮತ್ತು ಊಟದ ವಿವರಗಳು ಇಲ್ಲಿವೆ. ದಯವಿಟ್ಟು ಹಣ ಕಟ್ಟುವ ಮೊದಲೇ ಇದನ್ನು ಪೂರ್ತಿಯಾಗಿ ಓದಬೇಕೆಂದು ಕೋರುತ್ತೇವೆ. ಕೋಣೆಗಳ ಲೆಕ್ಕವು ಆಗಸ್ಟ್ 20ರ ಬೆಳಿಗ್ಗೆ 10 ಗಂಟೆಯದು. ಪ್ರತಿ ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಅದನ್ನು ತಿದ್ದಿ ಕಚೇರಿಯ ಬಾಗಿಲಲ್ಲಿ ಅಂಟಿಸುತ್ತೇವೆ.

ಅತಿಥಿಗಳು ಮೊದಲು ಕೇಳುವ ಪ್ರಶ್ನೆಗೆ ಮೊದಲೇ ಉತ್ತರಿಸುವುದು ಒಳ್ಳೆಯದು. ನಮ್ಮ ಹೋಟೆಲಿನ ಯಾವ ಕಿಟಕಿಯಿಂದಲೂ ಅರಮನೆ ಕಾಣುವುದಿಲ್ಲ, ಜಂಬೂಸವಾರಿಯೂ ಕಾಣುವುದಿಲ್ಲ. ಅರಮನೆ ಇಲ್ಲಿಂದ ಸುಮಾರು ಮೂರು ಕಿಲೋಮೀಟರು ದೂರದಲ್ಲಿದೆ. ಮೆರವಣಿಗೆಯು ಅರಮನೆಯಿಂದ ಹೊರಟು ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆಯ ಮೂಲಕ ಬನ್ನಿಮಂಟಪದ ಕಡೆಗೆ ಸಾಗುತ್ತದೆ. ಅದನ್ನು ನೋಡಬೇಕಾದವರು ನಡೆದುಕೊಂಡು ಹೋಗಿ ದಾರಿಯ ಬದಿಯಲ್ಲಿ ಜಾಗ ಹಿಡಿಯಬೇಕು, ಇಲ್ಲವೇ ಟಿಕೆಟ್ ಪಡೆದು ಆಸನದಲ್ಲಿ ಕೂರಬೇಕು. ಜಂಬೂಸವಾರಿ ಮತ್ತು ಪಂಜಿನ ಕವಾಯತಿನ ಟಿಕೆಟುಗಳು ಹಾಗೂ ಗೋಲ್ಡ್ ಕಾರ್ಡುಗಳು ನಮ್ಮ ಯಾವ ಪ್ಯಾಕೇಜಿನಲ್ಲಿಯೂ ಸೇರಿಲ್ಲ. ಅವುಗಳನ್ನು ಆಡಳಿತದ ವತಿಯಿಂದಲೇ ಮಾರಲಾಗುತ್ತದೆ. ನಮ್ಮ ಹೆಸರು ಹೇಳಿಕೊಂಡು ಯಾರಾದರೂ ಟಿಕೆಟಿಗೆಂದು ಹಣ ಕೇಳಿದರೆ ಕೊಡಬೇಡಿ.

ಹೋಟೆಲಿನಲ್ಲಿ ಒಟ್ಟು 46 ಕೋಣೆಗಳಿವೆ. ಹವಾನಿಯಂತ್ರಣವಿಲ್ಲದ ಸಾಮಾನ್ಯ ಕೋಣೆಗಳು 6, ಇಬ್ಬರಿಗೆ ಹೊಂದುವ ಡೀಲಕ್ಸ್ ಕೋಣೆಗಳು 28, ನಾಲ್ವರಿಗೆ ಹೊಂದುವ ಕುಟುಂಬದ ಕೋಣೆಗಳು 12. ಇವುಗಳಲ್ಲಿ 8 ಡೀಲಕ್ಸ್ ಕೋಣೆಗಳನ್ನು ಹತ್ತೂ ದಿನ ಒಂದು ನೃತ್ಯ ತಂಡಕ್ಕೆ ಕೊಟ್ಟಿರುವುದರಿಂದ ಸಾರ್ವಜನಿಕರಿಗೆ ಉಳಿಯುವುದು 38 ಮಾತ್ರ.

ಪ್ಯಾಕೇಜುಗಳು ಮೂರು. ಮೊದಲನೆಯದು ಹತ್ತೂ ದಿನದ್ದು: ಪಾಡ್ಯದ ಮಧ್ಯಾಹ್ನ 12ಕ್ಕೆ ಬಂದು ವಿಜಯದಶಮಿಯ ಮರುದಿನ ಬೆಳಿಗ್ಗೆ 11ಕ್ಕೆ ಹೊರಡುವವರಿಗೆ, ಹತ್ತು ರಾತ್ರಿಗಳು. ಇದು ಡೀಲಕ್ಸ್ ಕೋಣೆಗಳಲ್ಲಿ ಮಾತ್ರ ಲಭ್ಯ. ಬಾಡಿಗೆ 41,000 ರೂಪಾಯಿ. ಬಿಡಿಯಾಗಿ ಲೆಕ್ಕ ಹಾಕಿದರೆ 45,600 ಆಗುತ್ತದೆ. ಎರಡನೆಯದು ನಡುವಿನ ದಿನಗಳದ್ದು: ಬಿದಿಗೆಯಿಂದ ಸಪ್ತಮಿಯೊಳಗೆ ಬೇಕಾದ ಮೂರು ರಾತ್ರಿಗಳು, ಒಂದು ರಾತ್ರಿಗೆ ಸಾಮಾನ್ಯ ಕೋಣೆಗೆ 2,400, ಡೀಲಕ್ಸ್‌ಗೆ 3,600, ಕುಟುಂಬದ ಕೋಣೆಗೆ 5,400 ರೂಪಾಯಿ. ಮೂರನೆಯದು ಎಲ್ಲರೂ ಕೇಳುವ ಕೊನೆಯ ಮೂರು ರಾತ್ರಿಗಳದ್ದು: ಅಷ್ಟಮಿಯಂದು ಬಂದು, ಆಯುಧಪೂಜೆ, ಜಂಬೂಸವಾರಿ ಮುಗಿಸಿ ಮರುದಿನ ಹೊರಡುವುದು. ಇದಕ್ಕೆ ಒಂದು ರಾತ್ರಿಗೆ ಕ್ರಮವಾಗಿ 4,200, 6,800 ಮತ್ತು 7,400 ರೂಪಾಯಿ. ಈ ಮೂರು ರಾತ್ರಿಗಳನ್ನು ಬಿಡಿಸಿ ಕೊಡುವುದಿಲ್ಲ. ವಿಜಯದಶಮಿಯ ಒಂದೇ ರಾತ್ರಿ ಸಾಕೆನ್ನುವವರಿಗೆ ಇದು ದುಬಾರಿಯೆನಿಸುವುದು ಸಹಜ. ಆದರೆ ಒಂದು ರಾತ್ರಿ ಕೊಟ್ಟರೆ ಹಿಂದಿನ ಎರಡು ರಾತ್ರಿ ಆ ಕೋಣೆ ಖಾಲಿ ಉಳಿಯುತ್ತದೆ ಎಂಬುದೇ ಇದರ ಕಾರಣ, ಬೇರೇನಿಲ್ಲ.

ಎಲ್ಲ ಬಾಡಿಗೆಗಳಲ್ಲಿಯೂ ಬೆಳಗಿನ ಉಪಾಹಾರ ಸೇರಿದೆ. ಬಾಡಿಗೆ ಮತ್ತು ಊಟ ಎರಡರ ಮೇಲೂ ಶೇಕಡ 5ರಷ್ಟು ಜಿಎಸ್‌ಟಿ ಪ್ರತ್ಯೇಕ. ಡೀಲಕ್ಸ್ ಕೋಣೆಯಲ್ಲಿ ಮೂರನೆಯವರಿಗೆ ನೆಲದ ಮೇಲೆ ಹಾಸಿಗೆ ಹಾಕಿಕೊಡಲು ರಾತ್ರಿಗೆ 600 ರೂಪಾಯಿ. ಒಂದಕ್ಕಿಂತ ಹೆಚ್ಚು ಹಾಸಿಗೆ ಹಾಕಲು ಜಾಗವಿಲ್ಲ. ನಾಲ್ವರು ಬಂದು ಹೊಂದಿಕೊಳ್ಳುತ್ತೇವೆಂದರೂ ಒಪ್ಪಲಾಗುವುದಿಲ್ಲ.

ಈಗ ಉಳಿದಿರುವ ಕೋಣೆಗಳ ವಿಷಯ. ಕೊನೆಯ ಮೂರು ರಾತ್ರಿಗಳಿಗೆ ಡೀಲಕ್ಸ್ 4, ಸಾಮಾನ್ಯ 1 ಉಳಿದಿವೆ; ಕುಟುಂಬದ ಕೋಣೆಗಳು ಒಂದೂ ಇಲ್ಲ. ಹತ್ತು ದಿನಗಳ ಪ್ಯಾಕೇಜಿಗೆ ಉಳಿದಿರುವುದು 2 ಡೀಲಕ್ಸ್ ಮಾತ್ರ, ಮತ್ತು ಈ ಎರಡೂ ಮೇಲೆ ಹೇಳಿದ ನಾಲ್ಕರಲ್ಲೇ ಸೇರಿವೆ. ಆದ್ದರಿಂದ ಎರಡನ್ನೂ ಕೂಡಿಸಿ ಆರು ಎಂದು ಎಣಿಸಬೇಡಿ. ಸಾಮಾನ್ಯ ಕೋಣೆ ಮೂರನೆಯ ಮಹಡಿಯಲ್ಲಿ ರಸ್ತೆಯ ಬದಿಗಿದ್ದು, ರಾತ್ರಿ ವಾಹನಗಳ ಸದ್ದು ಚೆನ್ನಾಗಿಯೇ ಕೇಳುತ್ತದೆ. ನಡುವಿನ ದಿನಗಳಿಗೆ ಮಾತ್ರ ಎಲ್ಲ ಬಗೆಯ ಕೋಣೆಗಳೂ ಸಾಕಷ್ಟಿವೆ, ಅವಸರಪಡಬೇಕಾದ ಅಗತ್ಯವಿಲ್ಲ. ನಮ್ಮನ್ನು ಕೇಳಿದರೆ, ಮಕ್ಕಳನ್ನೂ ವಯಸ್ಸಾದವರನ್ನೂ ಕರೆತರುವವರಿಗೆ ಈ ನಡುವಿನ ದಿನಗಳೇ ವಾಸಿ. ಸಂಜೆ ಸುಮಾರು ಒಂದು ಲಕ್ಷ ಬಲ್ಬುಗಳಿಂದ ಬೆಳಗುವ ಅರಮನೆಯನ್ನು ನಿಂತು ನೋಡಬಹುದು, ಅಂಗಳದ ಸಂಗೀತ ಕಛೇರಿಗೆ ಕೂರಬಹುದು, ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನ, ಫಲಪುಷ್ಪ ಪ್ರದರ್ಶನ, ಕುಸ್ತಿ ಎಲ್ಲವನ್ನೂ ಕೊನೆಯ ದಿನಗಳ ನೂಕುನುಗ್ಗಲಿಲ್ಲದೆ ನೋಡಬಹುದು. ಸಿಗದೆ ಹೋಗುವುದು ಚಿನ್ನದ ಅಂಬಾರಿ ಹೊತ್ತ ಆನೆಯ ದರ್ಶನವೊಂದೇ. ಅದೇ ಬೇಕೆಂದು ಬರುವವರಿಗೆ ಈ ಮಾತು ಅನ್ವಯಿಸುವುದಿಲ್ಲ.

ಕುಟುಂಬದ ಕೋಣೆ ಬೇಕಾದವರು ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಬಹುದು. ಅದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ. ಕೋಣೆ ತೆರವಾದರೆ ಹೆಸರು ಬರೆಸಿದ ಕ್ರಮದಲ್ಲೇ ಕರೆ ಮಾಡುತ್ತೇವೆ, 24 ಗಂಟೆಯೊಳಗೆ ಮುಂಗಡ ಬಾರದಿದ್ದರೆ ಮುಂದಿನವರಿಗೆ ಹೇಳುತ್ತೇವೆ. ಸಿಕ್ಕೇ ಸಿಗುತ್ತದೆಂದು ನಂಬಿ ಬೇರೆ ಕಡೆ ನೋಡುವುದನ್ನು ನಿಲ್ಲಿಸಬೇಡಿ.

ಊಟದ ವ್ಯವಸ್ಥೆ ಐಚ್ಛಿಕ. ಮಧ್ಯಾಹ್ನದ ಊಟ, ಸಂಜೆಯ ತಿಂಡಿ ಮತ್ತು ಕಾಫಿ, ರಾತ್ರಿಯ ಊಟ ಸೇರಿ ದೊಡ್ಡವರಿಗೆ ದಿನಕ್ಕೆ 850 ರೂಪಾಯಿ, 5ರಿಂದ 11 ವರ್ಷದ ಮಕ್ಕಳಿಗೆ 450 ರೂಪಾಯಿ. ಅದಕ್ಕಿಂತ ಚಿಕ್ಕವರಿಗೆ ಹಣವಿಲ್ಲ. ಅಡುಗೆ ಸಂಪೂರ್ಣ ಸಸ್ಯಾಹಾರ. ನವರಾತ್ರಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಿಡುವವರು ಅನೇಕರಿರುವುದರಿಂದ ಸಾರು, ಹುಳಿ, ಪಲ್ಯಗಳನ್ನು ಅವಿಲ್ಲದೆಯೇ ಮಾಡಿ, ಈರುಳ್ಳಿ ಹಾಕಿದ ಪದಾರ್ಥಗಳನ್ನು ಬೇರೆ ಮೇಜಿನ ಮೇಲೆ ಇಡುತ್ತೇವೆ. ಅಡುಗೆಮನೆ ಒಂದೇ ಆದ್ದರಿಂದ ಪಾತ್ರೆ, ಸೌಟುಗಳು ಪೂರ್ತಿ ಪ್ರತ್ಯೇಕವೆಂದು ಹೇಳಲಾರೆವು. ಕಟ್ಟುನಿಟ್ಟಾಗಿ ಮಡಿಯಲ್ಲಿರುವವರು ಇದನ್ನು ಗಮನಿಸಬೇಕು. ದಿನವೂ ಸಂಜೆ ಒಂದು ಬಗೆಯ ಉಸಲಿ ಇರುತ್ತದೆ. ರಸಾಯನವನ್ನು ನಂಜನಗೂಡು ರಸಬಾಳೆ ಸಿಕ್ಕಿದ ದಿನ ಅದರಲ್ಲೇ ಮಾಡುತ್ತೇವೆ; ಆ ಹಣ್ಣು ಈಗ ಸುಲಭಕ್ಕೆ ಸಿಗುವುದಿಲ್ಲ. ಸಿಗದ ದಿನ ಏಲಕ್ಕಿ ಬಾಳೆಯನ್ನು ಹಾಕಿ, ಏಲಕ್ಕಿ ಬಾಳೆಯೆಂದೇ ಹೇಳಿ ಬಡಿಸುತ್ತೇವೆ.

ಆಯುಧಪೂಜೆಯ ದಿನ ಬೆಳಿಗ್ಗೆ 11ರಿಂದ 12.30ರವರೆಗೆ ಅಡುಗೆಮನೆ ನಿಲ್ಲುತ್ತದೆ. ರುಬ್ಬುವ ಗ್ರೈಂಡರು, ದೋಸೆಯ ಹಂಚು, ತರಕಾರಿ ಹೆಚ್ಚುವ ಚಾಕುಗಳು, ಜನರೇಟರು ಎಲ್ಲವನ್ನೂ ತೊಳೆದು, ಅರಿಶಿನ ಕುಂಕುಮವಿಟ್ಟು, ಸೇವಂತಿಗೆ ಸುತ್ತಿ ಪೂಜೆ ಮಾಡುತ್ತಾರೆ; ಆ ಹೊತ್ತಿನಲ್ಲಿ ಕಾಫಿಯೂ ಸಿಗುವುದಿಲ್ಲ, ಇರುವ ಒಂದು ಲಿಫ್ಟೂ ಸುಮಾರು 20 ನಿಮಿಷ ನಿಂತಿರುತ್ತದೆ. ಅತಿಥಿಗಳು ತಮ್ಮ ಕಾರುಗಳನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಪೂಜೆ ಮಾಡಿಸಿಕೊಳ್ಳಬಹುದು. ಹೂವು, ನಿಂಬೆಹಣ್ಣು, ಬೂದುಗುಂಬಳ ನಮ್ಮವು. ಚಕ್ರದ ಕೆಳಗಿಟ್ಟ ನಿಂಬೆಹಣ್ಣಿನ ಮೇಲೆ ಕಾರು ಹಾಯಿಸುವಾಗ ಹಿಂದೆ ಮಕ್ಕಳಿಲ್ಲವೆಂಬುದನ್ನು ಮಾತ್ರ ನೀವು ನೋಡಿಕೊಳ್ಳಬೇಕು.

ವಿಜಯದಶಮಿಯಂದು ಹೋಳಿಗೆ, ಆಂಬೊಡೆ, ಕೋಸಂಬರಿ, ಚಿತ್ರಾನ್ನ, ಪಾಯಸದ ಹಬ್ಬದೂಟವನ್ನು ಬೆಳಿಗ್ಗೆ 10.30ಕ್ಕೇ ಆರಂಭಿಸಿ 12.30ಕ್ಕೆ ಮುಗಿಸುತ್ತೇವೆ, ಏಕೆಂದರೆ ಅದಾದ ಮೇಲೆ ಅತಿಥಿಗಳೂ ಇರುವುದಿಲ್ಲ, ಬಡಿಸುವವರಲ್ಲಿ ಅರ್ಧ ಜನರೂ ಇರುವುದಿಲ್ಲ. ಪಂಜಿನ ಕವಾಯತು ನೋಡಿ ತಡವಾಗಿ ಬರುವವರಿಗೆ ರಾತ್ರಿ 11.30ರವರೆಗೆ ಬಿಸಿಬೇಳೆಬಾತ್ ಮತ್ತು ಮೊಸರನ್ನ ಇರುತ್ತದೆ.

ಕಾರು ನಿಲ್ಲಿಸಲು 18 ಜಾಗಗಳಷ್ಟೇ ಇವೆ. ಮೊದಲು ಬಂದವರಿಗೆ ಮೊದಲು. ವಿಜಯದಶಮಿಯ ದಿನ ಮೆರವಣಿಗೆಯ ದಾರಿಯ ಸುತ್ತಮುತ್ತ ವಾಹನ ಸಂಚಾರ ನಿರ್ಬಂಧಿಸುವುದರಿಂದ ಅಂದು ಕಾರನ್ನು ಹೊರತೆಗೆಯದಿರುವುದೇ ಮೇಲು. ಬೆಂಗಳೂರಿನಿಂದ ರೈಲಿನಲ್ಲಿ ಬರುವವರಿಗೆ ಮೈಸೂರು ನಿಲ್ದಾಣ ನಮಗೆ ಹತ್ತಿರ. ಬಿಸಿನೀರು ಬೆಳಿಗ್ಗೆ 5ರಿಂದ 9ರವರೆಗೆ ಮಾತ್ರ.

ಮುಂಗಡವಾಗಿ ಮೂರು ರಾತ್ರಿಗಳ ಪ್ಯಾಕೇಜುಗಳಿಗೆ ಒಂದು ರಾತ್ರಿಯ ಬಾಡಿಗೆಯನ್ನೂ, ಹತ್ತು ದಿನಗಳ ಪ್ಯಾಕೇಜಿಗೆ 12,000 ರೂಪಾಯಿಯನ್ನೂ ತೆರಿಗೆಯೊಂದಿಗೆ ಕಟ್ಟಬೇಕು. ಉಳಿದ ಹಣವನ್ನು ಬರುವ ದಿನಕ್ಕೆ 10 ದಿನ ಮುಂಚೆ ಕಟ್ಟಬೇಕು. ಉದಾಹರಣೆಗೆ, ದಂಪತಿ ಮತ್ತು 8 ವರ್ಷದ ಮಗು ಕೊನೆಯ ಮೂರು ರಾತ್ರಿಗಳಿಗೆ ಡೀಲಕ್ಸ್ ಕೋಣೆ, ಒಂದು ಹೆಚ್ಚುವರಿ ಹಾಸಿಗೆ ಮತ್ತು ಮೂರು ದಿನದ ಊಟ ತೆಗೆದುಕೊಂಡರೆ ಕೋಣೆಗೆ 22,200, ಊಟಕ್ಕೆ 6,450, ತೆರಿಗೆ 1,432 ರೂಪಾಯಿ 50 ಪೈಸೆ. ಒಟ್ಟು 30,082 ರೂಪಾಯಿ 50 ಪೈಸೆ. ಇದರಲ್ಲಿ ಮುಂಗಡ 7,770 ರೂಪಾಯಿ. ಇದಕ್ಕಿಂತ ಹೆಚ್ಚಿಗೆ ಯಾವ ಸೇವಾಶುಲ್ಕವನ್ನೂ ಹೊರಡುವಾಗ ಸೇರಿಸುವುದಿಲ್ಲ.

ರದ್ದು ಮಾಡುವುದಾದರೆ, ಬರುವ ದಿನಕ್ಕೆ 30 ದಿನ ಅಥವಾ ಅದಕ್ಕೂ ಮುಂಚೆ ತಿಳಿಸಿದವರಿಗೆ 250 ರೂಪಾಯಿ ಕಳೆದು ಮುಂಗಡವೆಲ್ಲ ವಾಪಸು. 29ರಿಂದ 15 ದಿನಗಳ ನಡುವೆ ತಿಳಿಸಿದರೆ ಮುಂಗಡದ ಅರ್ಧ ವಾಪಸು. ಮೇಲಿನ ಉದಾಹರಣೆಯಲ್ಲಿ ಅದು 3,885 ರೂಪಾಯಿ. 14ರಿಂದ 4 ದಿನಗಳ ನಡುವೆ ಮುಂಗಡ ಹಿಂದಿರುಗುವುದಿಲ್ಲ, ಆದರೆ ಅದರ ಮೇಲೆ ಕಟ್ಟಿದ್ದೆಲ್ಲವೂ ಹಿಂದಿರುಗುತ್ತದೆ. ಕೊನೆಯ 3 ದಿನಗಳಲ್ಲಿ ರದ್ದು ಮಾಡಿದರೆ ಅಥವಾ ತಿಳಿಸದೆ ಬಾರದಿದ್ದರೆ, ನಡುವಿನ ದಿನಗಳ ಪ್ಯಾಕೇಜಿನಲ್ಲಿ ಒಂದು ರಾತ್ರಿಯ ಬಾಡಿಗೆಯನ್ನೂ, ಉಳಿದೆರಡು ಪ್ಯಾಕೇಜುಗಳಲ್ಲಿ ಪೂರ್ತಿ ಬಾಡಿಗೆಯನ್ನೂ ಹಿಡಿದುಕೊಳ್ಳುತ್ತೇವೆ. ಇದು ಕಠಿಣವೆಂಬುದು ನಮಗೂ ಗೊತ್ತು. ಅದಕ್ಕಾಗಿಯೇ, ನೀವು ಬಿಟ್ಟ ಕೋಣೆ ಅದೇ ದಿನಗಳಿಗೆ ಬೇರೆಯವರಿಗೆ ಹೋದಲ್ಲಿ, ಅವರಿಂದ ಬಂದಷ್ಟು ಬಾಡಿಗೆಯಿಂದ, ನಿಮ್ಮಿಂದ ಹಿಡಿದ ಮೊತ್ತಕ್ಕೆ ಮೀರದಂತೆ, 500 ರೂಪಾಯಿ ಕಳೆದು ನಿಮಗೆ ಕೊಡುತ್ತೇವೆ. ಹೋಗಿದೆಯೋ ಇಲ್ಲವೋ ಎಂಬುದನ್ನು ನೀವು ಕೇಳಿದರೆ ರಿಜಿಸ್ಟರಿನಲ್ಲಿ ತೋರಿಸುತ್ತೇವೆ. ಊಟದ ಹಣವನ್ನು 48 ಗಂಟೆ ಮುಂಚೆ ತಿಳಿಸಿದರೆ ಪೂರ್ತಿಯಾಗಿ ಹಿಂದಿರುಗಿಸುತ್ತೇವೆ.

ತಿಥಿಯ ಏರುಪೇರು ಇನ್ನೊಂದು ವಿಷಯ. 2025ರಲ್ಲಿ ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2ರವರೆಗೆ ಹಬ್ಬ 11 ದಿನ ನಡೆಯಿತು. ನಿಮ್ಮ ರಸೀದಿಯಲ್ಲಿ ಬರೆದ ದಿನಾಂಕಕ್ಕೂ ಸರ್ಕಾರ ಅಂತಿಮವಾಗಿ ಪ್ರಕಟಿಸುವ ಜಂಬೂಸವಾರಿಯ ದಿನಾಂಕಕ್ಕೂ ವ್ಯತ್ಯಾಸ ಬಂದರೆ, ಕೋಣೆಯನ್ನು ಹೊಸ ದಿನಾಂಕಕ್ಕೆ ಹೆಚ್ಚಿನ ಹಣವಿಲ್ಲದೆ ಬದಲಿಸುತ್ತೇವೆ. ಬದಲಾವಣೆ ನಿಮಗೆ ಅನುಕೂಲವಾಗದಿದ್ದರೆ ಪೂರ್ತಿ ಹಣ ವಾಪಸು. 2020 ಮತ್ತು 2021ರಲ್ಲಿ ಆದಂತೆ ಜಂಬೂಸವಾರಿಯನ್ನು ಅರಮನೆಯ ಆವರಣಕ್ಕೆ ಸೀಮಿತಗೊಳಿಸಿದರೆ ಅಥವಾ ರದ್ದುಪಡಿಸಿದರೆ, ಎಷ್ಟೇ ತಡವಾಗಿ ಪ್ರಕಟವಾಗಿದ್ದರೂ, ಇನ್ನೂ ಬಂದಿಳಿಯದ ಅತಿಥಿಗಳಿಗೆ ಪೂರ್ತಿ ಹಣ ಹಿಂದಿರುಗಿಸುತ್ತೇವೆ. ಮಳೆ, ಟಿಕೆಟ್ ಸಿಗದಿರುವುದು, ಕಚೇರಿಯಲ್ಲಿ ರಜೆ ಸಿಗದಿರುವುದು ಇವು ಈ ನಿಯಮದಲ್ಲಿ ಬರುವುದಿಲ್ಲ. ನಮ್ಮ ತಪ್ಪಿನಿಂದ ಕೋಣೆ ಕೊಡಲಾಗದಿದ್ದರೆ ಕಟ್ಟಿದ್ದೆಲ್ಲವನ್ನೂ ಹಿಂದಿರುಗಿಸಿ, ಅದರ ಜೊತೆಗೆ ಒಂದು ರಾತ್ರಿಯ ಬಾಡಿಗೆಯನ್ನೂ ಕೊಡುತ್ತೇವೆ.

ವಾಪಸು ಬರಬೇಕಾದ ಹಣ, ನೀವು ಕಟ್ಟಿದ ಖಾತೆಗೇ 7 ಕೆಲಸದ ದಿನಗಳೊಳಗೆ ಬರುತ್ತದೆ. ನಗದು ಕಟ್ಟಿದವರು ರಸೀದಿ ತಂದು ಜಯನಗರದ ಕಚೇರಿಯಲ್ಲಿ ಪಡೆಯಬಹುದು. ಕಚೇರಿ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ, ಭಾನುವಾರ ಮಧ್ಯಾಹ್ನ 1ರವರೆಗೆ ತೆರೆದಿರುತ್ತದೆ. ಆಯುಧಪೂಜೆ ಮತ್ತು ವಿಜಯದಶಮಿಯಂದು ಬಾಗಿಲು ಹಾಕಿರುವುದರಿಂದ ಆ ಎರಡು ದಿನ ರದ್ದತಿಯನ್ನು ಮೈಸೂರಿನ ಸ್ವಾಗತ ಕೌಂಟರಿಗೆ ತಿಳಿಸಿ, ತಿಳಿಸಿದ ಸಮಯವನ್ನು ಬರೆಸಿಕೊಳ್ಳಿ.