ಸ್ನಾತಕೋತ್ತರ ಪ್ರವೇಶಕ್ಕೆ ಶಿಫಾರಸು ಪತ್ರ

ಇವರಿಗೆ,
ಆಯ್ಕೆ ಸಮಿತಿಯ ಅಧ್ಯಕ್ಷರು ಮತ್ತು ಸದಸ್ಯರು

ವಿಷಯ: ಜನರಲ್ ಮೆಡಿಸಿನ್ ಸ್ನಾತಕೋತ್ತರ ವ್ಯಾಸಂಗಕ್ಕೆ ಡಾ. ಮೇಘನಾ ಅವರ ಅರ್ಜಿ

ಮಾನ್ಯರೆ,

ಡಾ. ಮೇಘನಾ ಅವರು ಕಳೆದ 14 ತಿಂಗಳಿಂದ ನಮ್ಮ ಮೆಡಿಸಿನ್ ವಿಭಾಗದಲ್ಲಿ ಕಿರಿಯ ವೈದ್ಯರಾಗಿ ನನ್ನ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಿದ್ದಾರೆ. ಈ ಅವಧಿಯಲ್ಲಿ ವಾರ್ಡ್ ರೌಂಡ್ಸ್ ಮತ್ತು ರಾತ್ರಿ ಪಾಳಿಗಳಲ್ಲಿ ನಾನು ಬರೆದಿಟ್ಟುಕೊಂಡ ಟಿಪ್ಪಣಿಗಳೇ ಈ ಪತ್ರಕ್ಕೆ ಆಧಾರ.

ರೋಗಿಯ ಮಾತನ್ನು ಪೂರ್ತಿ ಕೇಳಿ, ಪರೀಕ್ಷಿಸಿ, ಆಮೇಲಷ್ಟೇ ಲ್ಯಾಬ್ ವರದಿಗಳ ಕಡೆ ತಿರುಗುವುದು ಅವರ ರೂಢಿ. ಸೊಂಟದ ಬೆನ್ನುಹುರಿ ದ್ರವ ತೆಗೆಯುವುದು, ಎದೆ ಮತ್ತು ಹೊಟ್ಟೆಯ ನೀರು ತೆಗೆಯುವುದು ಮುಂತಾದ ವಿಧಾನಗಳನ್ನು ಅವರು ಈಗ ನೆರವಿಲ್ಲದೆ, ಸುರಕ್ಷಿತವಾಗಿ ಮಾಡುತ್ತಾರೆ.

ಒಂದು ರಾತ್ರಿಯ ಟಿಪ್ಪಣಿಯನ್ನು ಇಲ್ಲಿ ವಿವರವಾಗಿ ಹೇಳಬೇಕು. ಡಯಾಬಿಟಿಕ್ ಕೀಟೊಅಸಿಡೋಸಿಸ್‌ನಿಂದ ದಾಖಲಾದ ಯುವಕನೊಬ್ಬನಿಗೆ ಇನ್ಸುಲಿನ್ ಡ್ರಿಪ್ ಶುರು ಮಾಡಲು ಎಲ್ಲವೂ ಸಿದ್ಧವಾಗಿದ್ದಾಗ, ಪೊಟ್ಯಾಸಿಯಂ 2.9 ಎಂಬ ವರದಿ ಮೇಘನಾ ಅವರ ಕೈಗೆ ಬಂತು. ಇನ್ಸುಲಿನ್ ಕೊಟ್ಟರೆ ಪೊಟ್ಯಾಸಿಯಂ ಇನ್ನಷ್ಟು ಕುಸಿದು ಹೃದಯದ ಲಯವೇ ತಪ್ಪಬಹುದೆಂದು ಅರಿತ ಅವರು ಇನ್ಸುಲಿನ್ ತಡೆದು, ಸಲೈನ್ ಮುಂದುವರಿಸಿ, ಮೂತ್ರ ಹೋಗುತ್ತಿರುವುದನ್ನು ಖಚಿತಪಡಿಸಿಕೊಂಡು, ಇಸಿಜಿ ಮಾನಿಟರ್ ಹಾಕಿಸಿ ಪೊಟ್ಯಾಸಿಯಂ ಕೊಡಲಾರಂಭಿಸಿದರು. ನನಗೆ ಫೋನ್ ಮಾಡಿದಾಗ "ಏನು ಮಾಡಲಿ ಸರ್?" ಎಂದು ಕೇಳಲಿಲ್ಲ, ಏನು ಮಾಡಿದ್ದೇನೆ, ಏಕೆ ಮಾಡಿದ್ದೇನೆ, ಎಲ್ಲಿ ಅನುಮಾನವಿದೆ ಎಂಬುದನ್ನು ಎರಡೇ ನಿಮಿಷದಲ್ಲಿ ಹೇಳಿದರು. ನಾನು ವಾರ್ಡ್ ತಲುಪಿದಾಗ ಬದಲಿಸಬೇಕಾದದ್ದು ಏನೂ ಇರಲಿಲ್ಲ.

ನಡತೆಯ ಬಗ್ಗೆ ನನಗೆ ಹೆಚ್ಚು ಭರವಸೆ ಕೊಟ್ಟದ್ದು ಅವರದೇ ಒಂದು ತಪ್ಪು. ಮೂರನೆಯ ತಿಂಗಳಲ್ಲಿ, ಮೂತ್ರಪಿಂಡ ದುರ್ಬಲವಾಗಿದ್ದ ಹಿರಿಯರೊಬ್ಬರಿಗೆ ಜೆಂಟಾಮೈಸಿನ್ ಪ್ರಮಾಣವನ್ನು ಇಳಿಸದೆ ಬರೆದಿದ್ದರು. ಔಷಧ ಕೊಡುವ ಮೊದಲೇ ತಾವಾಗಿ ಗುರುತಿಸಿ, ಚೀಟಿ ತಿದ್ದಿ, ಬೇರೆ ಯಾರೂ ನೋಡಿರದಿದ್ದರೂ ನನಗೆ ತಿಳಿಸಿದರು. ಅಂದಿನಿಂದ ಕ್ರಿಯಾಟಿನಿನ್ ನೋಡದೆ ಇಂಥ ಔಷಧ ಬರೆದದ್ದನ್ನು ನಾನು ಕಂಡಿಲ್ಲ. ನರ್ಸ್‌ಗಳ ಸಂದೇಹಕ್ಕೆ ಅವರು ಕಿವಿಗೊಡುತ್ತಾರೆ. ಗುಣವಾಗದ ಕಾಯಿಲೆಯ ಸುದ್ದಿಯನ್ನು ಮನೆಯವರಿಗೆ ಕುಳಿತುಕೊಂಡೇ, ಅವಸರವಿಲ್ಲದೆ ತಿಳಿಸುತ್ತಾರೆ.

ಕೊರತೆಯನ್ನೂ ಹೇಳುವುದು ನ್ಯಾಯ. ರೋಗಿಯ ವಿವರ ಮಂಡಿಸುವಾಗ ಅವರು ಏನನ್ನೂ ಬಿಡಲಾರದೆ ಮಾತು ಬೆಳೆಸುತ್ತಿದ್ದರು. ಇದು ಬಹಳ ಸುಧಾರಿಸಿದೆ, ಆದರೆ ಪೂರ್ತಿ ಹೋಗಿಲ್ಲ. ಸಂಶೋಧನೆಯ ಅನುಭವವೂ ಇನ್ನೂ ಕಡಿಮೆ.

ನಾನು ಮೇಲ್ವಿಚಾರಣೆ ಮಾಡಿದ ಕಿರಿಯ ವೈದ್ಯರಲ್ಲಿ ಅತ್ಯುತ್ತಮರ ಸಾಲಿಗೆ ಸೇರುವ ಡಾ. ಮೇಘನಾ ಅವರನ್ನು ಈ ವ್ಯಾಸಂಗಕ್ಕೆ ಯಾವ ಹಿಂಜರಿಕೆಯೂ ಇಲ್ಲದೆ ಶಿಫಾರಸು ಮಾಡುತ್ತೇನೆ. ಸಮಿತಿಗೆ ಹೆಚ್ಚಿನ ವಿವರ ಬೇಕಿದ್ದರೆ ಖುದ್ದಾಗಿ ಉತ್ತರಿಸಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಹಿರಿಯ ವೈದ್ಯ ಹಾಗೂ ಮೇಲ್ವಿಚಾರಕ,
ಜನರಲ್ ಮೆಡಿಸಿನ್ ವಿಭಾಗ