ಅವಘಡ ವರದಿ: ಫ್ರೈಯರ್ ಎಣ್ಣೆ ಉಕ್ಕಿ ಅಡುಗೆಯವರ ಬಲಗೈ ಸುಟ್ಟದ್ದು

ದಿನಾಂಕ, ಸಮಯ: 14-10-2025, ಮಂಗಳವಾರ, ರಾತ್ರಿ 8.40
ಸ್ಥಳ: ರೆಸ್ಟೋರೆಂಟ್ ಅಡುಗೆಮನೆ, ಎರಡನೇ ಡೀಪ್ ಫ್ರೈಯರ್
ಗಾಯಗೊಂಡವರು: ಕರಿಯುವ ವಿಭಾಗದ ಅಡುಗೆಯವರು, 27 ವರ್ಷ
ವರದಿ, ಪ್ರಥಮ ಚಿಕಿತ್ಸೆ: ಪಾಳಿಯ ಮೇಲ್ವಿಚಾರಕರು

ಆದದ್ದು ಹೇಗೆ

ಆಗಷ್ಟೇ ತೊಳೆದ ಜಾಲರಿ ಬುಟ್ಟಿಯನ್ನು ಒರೆಸಿರಲಿಲ್ಲ. ಅದಕ್ಕೆ ಫ್ರೀಜರ್‌ನ ಆಲೂಗಡ್ಡೆ ತುಂಡುಗಳನ್ನು ಮುಕ್ಕಾಲು ಭಾಗ ಸುರಿದಾಗ ಪ್ಯಾಕೆಟ್ಟಿನ ತಳದಲ್ಲಿದ್ದ ಹಿಮದ ಪುಡಿಯೂ ಬಿತ್ತು. ಬುಟ್ಟಿಯನ್ನು 180 ಡಿಗ್ರಿ ಸೆಲ್ಸಿಯಸ್ ಎಣ್ಣೆಗೆ ಒಮ್ಮೆಲೇ ಇಳಿಸಲಾಯಿತು. ನೀರು ಎಣ್ಣೆಗಿಂತ ಭಾರ, ಅಡಿಗಿಳಿದು ಆವಿಯಾಗಿ ಹಿಗ್ಗುವಾಗ ಮೇಲಿನ ಎಣ್ಣೆಯನ್ನೆಲ್ಲ ಎತ್ತುತ್ತದೆ. ಎಣ್ಣೆ ಗರಿಷ್ಠ ಗೆರೆಗಿಂತ ಸುಮಾರು 2 ಸೆಂ.ಮೀ. ಮೇಲಿದ್ದುದರಿಂದ ನೊರೆಗೆ ಜಾಗವೇ ಇರಲಿಲ್ಲ. ಅದು ಮುಂಭಾಗದ ಅಂಚು ದಾಟಿ ಹಿಡಿಕೆಯ ಮೇಲಿದ್ದ ಬಲಗೈಗೆ ಬಿತ್ತು. ಬರೀ ಹಸಿ ಬುಟ್ಟಿಯಾಗಿದ್ದರೆ ಸಿಡಿತ ಇಷ್ಟಿರುತ್ತಿರಲಿಲ್ಲ. ಹಸಿ ಬುಟ್ಟಿ, ಹಿಮದ ಪುಡಿ, ಗೆರೆ ಮೀರಿದ ಎಣ್ಣೆ ಮೂರೂ ಒಟ್ಟಿಗೆ ಸೇರಿದ್ದೇ ಕಾರಣ.

ಗಾಯ

ಅಂಗೈ ಹಿಂಭಾಗ, ಮಣಿಕಟ್ಟು, ಮುಂದೋಳಿನ ಹೊರಭಾಗ ಕೆಂಪಾಗಿವೆ. ಮೂರು ಬೊಬ್ಬೆಗಳಿವೆ, ದೊಡ್ಡದು ಹೆಬ್ಬೆರಳ ಉಗುರಿನಷ್ಟು. ಅಂಗಿಯ ತೋಳು ಮೊಣಕೈಯ ಕೆಳಗೆ ಮಡಚಿತ್ತು. ಆ ಮಡಿಕೆಯಲ್ಲಿ ಎಣ್ಣೆ ನಿಂತದ್ದರಿಂದ ಅಲ್ಲೊಂದು ಪಟ್ಟಿಯಷ್ಟು ಚರ್ಮ ಬಿಳಿಚಿದೆ, ಮುಟ್ಟಿದರೆ ಅಷ್ಟಾಗಿ ನೋಯುವುದಿಲ್ಲ. ಆಳವಾಗಿ ಸುಟ್ಟಿರುವುದು ಅಲ್ಲಿಯೇ ಎಂದು ಕಾಣುತ್ತದೆ. ಒಟ್ಟು ಗಾಯ ಗಾಯಾಳುವಿನ ಬೆರಳೂ ಸೇರಿ ಎರಡು ಅಂಗೈಯಷ್ಟು, ಅಂದರೆ ಮೈಯ ಸುಮಾರು 2%.

ಪ್ರಥಮ ಚಿಕಿತ್ಸೆ

ಮೊದಲು ಅವರೇ ಒಣಬಟ್ಟೆಯಿಂದ ಒರೆಸಿಕೊಳ್ಳಲು ಹೋದರು. ಉಜ್ಜಿದರೆ ಚರ್ಮ ಸುಲಿದು ಬರುತ್ತದೆಂದು ತಡೆಯಲಾಯಿತು. ಹತ್ತಿರದ ಸಿಂಕ್‌ನಲ್ಲಿ ಪಾತ್ರೆ ತುಂಬಿತ್ತು. ಅವನ್ನು ತೆಗೆಯುವಷ್ಟರಲ್ಲಿ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಹೋಯಿತು. ಎಣ್ಣೆ ಚರ್ಮಕ್ಕೆ ಅಂಟಿ ಸುಡುತ್ತಲೇ ಇರುವಾಗ ಈ ತಡ ಸಣ್ಣದಲ್ಲ.

8.42ರಿಂದ 9.02ರವರೆಗೆ, ಪೂರ್ತಿ 20 ನಿಮಿಷ, ನಲ್ಲಿಯ ತಣ್ಣೀರನ್ನು ಮೆಲ್ಲಗೆ ಹರಿಯಬಿಡಲಾಯಿತು. ನೀರಿನ ಕೆಳಗಿರುವಾಗಲೇ ಬೆರಳು ಊದುವ ಮೊದಲು ಉಂಗುರ, ವಾಚು ತೆಗೆಯಲಾಯಿತು. ತೋಳಿನ ಬಟ್ಟೆ ಅಂಟಿರಲಿಲ್ಲವಾದ್ದರಿಂದ ಕತ್ತರಿಸಿ ಬಿಡಿಸಲಾಯಿತು. ಅಂಟಿದ್ದರೆ ಎಳೆಯದೆ ಸುತ್ತಲೂ ಕತ್ತರಿಸಬೇಕಿತ್ತು. ಐಸ್ ಇಡಲಿಲ್ಲ. ಒಬ್ಬರು ತಂದ ಟೂತ್‌ಪೇಸ್ಟನ್ನೂ ಹಚ್ಚಲು ಬಿಡಲಿಲ್ಲ, ಅದನ್ನು ಆಮೇಲೆ ಆಸ್ಪತ್ರೆಯಲ್ಲಿ ತೊಳೆದು ತೆಗೆಯಬೇಕಾಗುತ್ತದೆ. ಬೊಬ್ಬೆ ಒಡೆದಿಲ್ಲ. ಗಾಯದ ಮೇಲೆ ಕ್ಲಿಂಗ್ ಫಿಲ್ಮನ್ನು ಉದ್ದಕ್ಕೆ ಹಾಸಲಾಯಿತು. ಊತ ಬಂದರೆ ಬಿಗಿಯುತ್ತದೆಂದು ಸುತ್ತಲಿಲ್ಲ. ಮಾತ್ರೆ ಯಾವುದನ್ನೂ ಕೊಟ್ಟಿಲ್ಲ.

ಗಾಯ ಕೈ ಮತ್ತು ಕೀಲಿನ ಮೇಲಿರುವುದರಿಂದ ಅಳತೆ ನೋಡದೆ ಆಸ್ಪತ್ರೆಗೆ ಕಳಿಸಲು ನಿರ್ಧರಿಸಲಾಯಿತು. 9.10ಕ್ಕೆ ಸಹೋದ್ಯೋಗಿಯೊಬ್ಬರ ಜೊತೆ ಕಾರಿನಲ್ಲಿ ಹೊರಟರು. ತಣ್ಣೀರು ಹಿಡಿದ ಹೊತ್ತು ಮತ್ತು ಧನುರ್ವಾಯು ಚುಚ್ಚುಮದ್ದು ಯಾವಾಗ ಹಾಕಿಸಿದ್ದೆಂಬುದು ನೆನಪಿಲ್ಲವೆಂದು ಗಾಯಾಳು ಹೇಳಿದ್ದನ್ನು ಚೀಟಿಯಲ್ಲಿ ಬರೆದು ಕೊಡಲಾಗಿದೆ.

ಫ್ರೈಯರ್ ಆರಿಸಲಾಗಿದೆ, ನೆಲದ ಎಣ್ಣೆ ಒರೆಸಲಾಗಿದೆ. ಎಣ್ಣೆ ತಣಿದ ಮೇಲೆ ಗೆರೆಯವರೆಗೆ ಇಳಿಸುವುದು, ಫ್ರೈಯರ್ ಪಕ್ಕದ ಸಿಂಕ್ ಅನ್ನು ಪಾಳಿಯುದ್ದಕ್ಕೂ ಖಾಲಿ ಇಡುವುದು, ಬುಟ್ಟಿಯನ್ನು ಒರೆಸಿ ಅರ್ಧ ಮಾತ್ರ ತುಂಬುವುದು ನಾಳೆ ಬೆಳಗಿನ ಪಾಳಿಯಿಂದಲೇ ಜಾರಿ.